ಡಿವಿಗೆ ಬರಬೇಕು, ಒಳಗಿರುವವರನ್ನು ಹದಿನೈದು ನಿಮಿಷ ಮಾತಾಡಿಸುವುದು ಹೇಗೆ?

ದಾವಣಗೆರೆ_ಇಸಿ: ಇಸಿ ಮುಗಿಸಿ ಎರಡು ವರ್ಷದಿಂದ ಅಪ್ಲಿಕೇಶನ್ ಸಪೋರ್ಟ್‌ನಲ್ಲಿದ್ದೇನೆ. ಚಿಪ್ ವೆರಿಫಿಕೇಶನ್‌ಗೆ, ಅಂದರೆ ಡಿವಿಗೆ ಹೋಗುವ ಆಸೆ, ಆ ಕಡೆ ಪರಿಚಯದವರು ಯಾರೂ ಇಲ್ಲ. ಲಿಂಕ್ಡ್‌ಇನ್‌ನಲ್ಲಿ ಹದಿನೈದು ನಿಮಿಷ ಮಾತಾಡಿ ಅಂತ ಕೇಳಿದರೆ ಒಪ್ಪುತ್ತಾರಾ? ಮಾತಾದ ಮೇಲೆ ಮತ್ತೆ ಯಾವಾಗ ಮೆಸೇಜ್ ಹಾಕಬೇಕು? ಅನುಭವ ಇದ್ದವರು ಹೇಳಿ.

ಪಿಡಿ_ಹುಬ್ಬಳ್ಳಿ: ಯಾರೂ ಒಪ್ಪುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ಬೆಂಗಳೂರಿನ ಒಂದು ಟ್ರೈನಿಂಗ್ ಸೆಂಟರ್‌ಗೆ 1 ಲಕ್ಷ 20 ಸಾವಿರ ಕಟ್ಟಿದೆ. ಅದರಲ್ಲಿ 80 ಸಾವಿರ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಕೊಟ್ಟಿದ್ದು. ಪಿಜಿಗೆ ತಿಂಗಳಿಗೆ 8,500, ಕರೆಂಟ್ ಬಿಲ್ ಬೇರೆ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂದಿದ್ದವರು ಕೋರ್ಸ್ ಮುಗಿದ ಮೇಲೆ ಫೋನ್ ಎತ್ತಲಿಲ್ಲ. ಲಿಂಕ್ಡ್‌ಇನ್‌ನಲ್ಲಿ ಎಷ್ಟೋ ಜನಕ್ಕೆ ರೆಸ್ಯೂಮ್ ಕಳಿಸಿದೆ, ಒಬ್ಬರೂ ಉತ್ತರಿಸಲಿಲ್ಲ. ಕೊನೆಗೆ ಕೆಲಸ ಸಿಕ್ಕಿದ್ದು ಒಂದು ಸರ್ವಿಸ್ ಕಂಪನಿಯ ವಾಕ್-ಇನ್‌ನಲ್ಲಿ, ಅದೂ ಎರಡು ವರ್ಷದ ಬಾಂಡ್ ಬರೆದುಕೊಟ್ಟು. ಸಲಹೆ ಬೇಕು ಸರ್ ಅಂತ ಸುತ್ತಿ ಬಳಸಿ ಕೇಳುವುದೆಲ್ಲ ನಾಟಕ. ರೆಫರಲ್ ಬೇಕಾದರೆ ರೆಫರಲ್ ಅಂತಲೇ ಕೇಳಿ. ಅವರಿಗೂ ಬೋನಸ್ ಸಿಗುತ್ತದೆ ಅಲ್ವಾ?

ಕವರೇಜ್_ಅಕ್ಕ: ಬೋನಸ್ ಆಸೆಗೆ ಗುರುತಿಲ್ಲದವರ ಹೆಸರು ಹಾಕಿ ಟೀಮಿನಲ್ಲಿ ಮುಖ ಕೆಡಿಸಿಕೊಳ್ಳಲು ನಾನಂತೂ ತಯಾರಿಲ್ಲ. ನಾನು ಹೆಸರು ಕೊಟ್ಟ ಹುಡುಗ ಬ್ಲಾಕಿಂಗ್, ನಾನ್-ಬ್ಲಾಕಿಂಗ್ ವ್ಯತ್ಯಾಸ ಹೇಳಲಾರದೆ ಕೂತರೆ ಕೇಳಿಸಿಕೊಳ್ಳಬೇಕಾದವಳು ನಾನು.

ನನಗೆ ಬರುವ ಮೆಸೇಜ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ. "ಮೇಡಂ ಡಿವಿಗೆ ಬರಬೇಕು, ಗೈಡ್ ಮಾಡಿ." ಇದಕ್ಕೆ ಏನು ಉತ್ತರ ಕೊಡುವುದು? ಹೋದ ವರ್ಷ ಒಬ್ಬ ಹುಡುಗ ಬರೆದದ್ದು ಹೀಗಿತ್ತು: "ನಾನು ಸಪೋರ್ಟ್ ಕೆಲಸದಲ್ಲಿದ್ದೇನೆ, ಸಂಜೆ ಹೊತ್ತು ಸಿಸ್ಟಮ್‌ವೆರಿಲಾಗ್ ಕಲಿಯುತ್ತಿದ್ದೇನೆ. ಒಂದು ಫೈಫೋಗೆ ಟೆಸ್ಟ್‌ಬೆಂಚ್ ಬರೆದೆ. ಫುಲ್ ಇರುವಾಗ ರೈಟ್ ಬರುವ ಕೇಸನ್ನು ಕವರೇಜ್‌ನಿಂದ ತೆಗೆಯಬಹುದಾ, ಗೊತ್ತಾಗುತ್ತಿಲ್ಲ. ಶನಿವಾರ ಹದಿನೈದು ನಿಮಿಷ ಸಿಗುತ್ತೀರಾ? ಆಗದಿದ್ದರೆ ಇಲ್ಲೇ ಒಂದು ಸಾಲು ಬರೆದರೂ ಸಾಕು." ರೆಸ್ಯೂಮ್ ಇರಲಿಲ್ಲ, ಕೆಲಸದ ಮಾತೂ ಇರಲಿಲ್ಲ. ಆದರೆ ಕೂತು ಏನೋ ಮಾಡಿದ್ದಾನೆ ಅಂತ ಓದಿದ ತಕ್ಷಣ ಗೊತ್ತಾಯಿತು.

ಶನಿವಾರ ಮಾತಾಡಿದೆವು. ಅವನು ಆ ಕೇಸನ್ನು `ignore_bins` ಒಳಗೆ ಹಾಕಿ ಕವರೇಜ್ ಲೆಕ್ಕದಿಂದಲೇ ಬಿಟ್ಟುಬಿಟ್ಟಿದ್ದ. ಫುಲ್ ಇದ್ದಾಗ ಬರೆಯಬಾರದು ಅಂತ ಸ್ಪೆಕ್‌ನಲ್ಲಿದೆ ಮೇಡಂ ಅಂದ. ಪಕ್ಕದ ಬ್ಲಾಕ್ ಸ್ಪೆಕ್ ಪ್ರಕಾರವೇ ನಡೆದುಕೊಳ್ಳುತ್ತದೆ ಅಂತ ಯಾರು ಹೇಳಿದರು, ಬೇಕಂತಲೇ ಬರೆದು ನೋಡು, ಒಳಗಿರುವ ಹಳೇ ಡೇಟಾ ಹಾಗೇ ಉಳಿಯುತ್ತದಾ ಅಂತ ಸ್ಕೋರ್‌ಬೋರ್ಡ್‌ನಲ್ಲಿ ಚೆಕ್ ಮಾಡು ಅಂದೆ. ಉಳಿದ ಸಮಯದಲ್ಲಿ ನನ್ನ ದಿನ ಹೇಗೆ ಹೋಗುತ್ತದೆ ಅಂತ ಕೇಳಿದ. ಹೊಸ ಟೆಸ್ಟ್ ಬರೆಯುವುದಕ್ಕಿಂತ ರಾತ್ರಿ ಓಡಿದ ರಿಗ್ರೆಶನ್‌ನಲ್ಲಿ ಬಿದ್ದದ್ದು ಯಾಕೆ ಬಿತ್ತು ಅಂತ ನೋಡುವುದೇ ಜಾಸ್ತಿ ಅಂತ ಹೇಳಿದೆ. ಇದು ಕೋರ್ಸ್‌ನಲ್ಲಿ ಗೊತ್ತಾಗುವುದಿಲ್ಲ, ಹೊರಗಿನವರು ಕೇಳಿ ತಿಳಿದುಕೊಳ್ಳಬೇಕಾದದ್ದು ಇಂಥದ್ದನ್ನೇ. ಹದಿನೈದು ನಿಮಿಷ ಆಗುತ್ತಿದ್ದ ಹಾಗೆ ಅವನೇ "ಹೇಳಿದ ಟೈಮ್ ಮುಗಿಯಿತು ಮೇಡಂ" ಅಂದ.

ಸಂಜೆ ಎರಡು ಸಾಲಿನ ಥ್ಯಾಂಕ್ಸ್ ಬಂತು, ಮುಂದೆ ಏನು ಮಾಡುತ್ತೇನೆ ಅಂತ ಅದರಲ್ಲೇ ಇತ್ತು. ಆಮೇಲೆ ಸುಮಾರು ಮೂರು ವಾರ ಸದ್ದಿಲ್ಲ. ಮತ್ತೆ ಬರೆದಾಗ ಒಂದು ವೇವ್‌ಫಾರ್ಮ್ ಚಿತ್ರ, ಕೋಡಿನ ಲಿಂಕ್ ಕಳಿಸಿದ್ದ. `ignore_bins` ತೆಗೆದು, ಫುಲ್ ಇದ್ದಾಗ ಬೇಕಂತಲೇ ಬರೆದು ಓಡಿಸಿದ್ದಾನೆ. ಅವನದೇ ಆರ್‌ಟಿಎಲ್‌ನಲ್ಲಿ ಫುಲ್ ಆದ ಮೇಲೂ ರೈಟ್ ಪಾಯಿಂಟರ್ ಮುಂದೆ ಹೋಗಿ ಹಳೇ ಡೇಟಾ ಮೇಲೆ ಬರೆಯುತ್ತಿತ್ತು, ಅದು ಸಿಕ್ಕಿಬಿದ್ದಿದೆ. ನನ್ನ ಮಾತು ಕೇಳಿ ಏನು ಮಾಡಿದ, ಏನಾಯಿತು ಅಂತ ಬರೆದ ಅಲ್ವಾ, ಫಾಲೋಅಪ್ ಅಂದರೆ ಅದು. "ಹಾಯ್ ಮೇಡಂ, ಎನಿ ಅಪ್‌ಡೇಟ್?" ಅನ್ನುವುದಲ್ಲ. ನಮ್ಮಲ್ಲಿ ಜಾಗ ಬಂದಾಗ ಅವನು ಕೇಳಲಿಲ್ಲ, ನಾನೇ ಬರೆದೆ. ಇಂಟರ್‌ವ್ಯೂ ಎರಡನೇ ಸುತ್ತಿನಲ್ಲಿ ಹೋಯಿತು, ಯುವಿಎಂ ಇನ್ನೂ ಗಟ್ಟಿ ಆಗಬೇಕಿತ್ತು. ಈಗ ಇನ್ನೊಂದು ಟೀಮಿಗೆ ಅವನ ಹೆಸರು ಹಾಕಿದ್ದೇನೆ.

ಪಿಡಿ_ಹುಬ್ಬಳ್ಳಿ: ನೋಡಿ ಅಕ್ಕಾ, ಇಷ್ಟೆಲ್ಲ ಮಾಡಿಯೂ ಅವನಿಗೆ ಕೆಲಸ ಸಿಗಲಿಲ್ಲ. ನಾನು ಹೇಳಿದ್ದೂ ಅದೇ.

ಕವರೇಜ್_ಅಕ್ಕ: ರೆಸ್ಯೂಮ್ ಹಂಚಿದ ನಿಮಗೆ ಒಬ್ಬರೂ ಉತ್ತರಿಸಲಿಲ್ಲ ಅಂತ ನೀವೇ ಬರೆದಿದ್ದೀರಿ. ಅವನು ಇಂಟರ್‌ವ್ಯೂವರೆಗೆ ಬಂದ. ಎರಡೂ ಒಂದೇನಾ?

ಡ್ರೆಸ್ಡೆನ್_ಕನ್ನಡಿಗ: ನನ್ನ ಅನುಭವ ಹೇಳುತ್ತೇನೆ. ಇಲ್ಲಿ ಇನ್ಫಿನಿಯನ್, ಬಾಷ್, ಗ್ಲೋಬಲ್‌ಫೌಂಡ್ರೀಸ್ ಮೂರರದ್ದೂ ಚಿಪ್ ತಯಾರಿಸುವ ಫ್ಯಾಬ್ ಇವೆ. ಮಾಸ್ಟರ್ಸ್ ಮಾಡುವಾಗ ಫ್ಯಾಬ್ ಇಂಜಿನಿಯರ್‌ಗಳನ್ನು ಇಮೇಲ್‌ನಲ್ಲಿ ಕೇಳುತ್ತಿದ್ದೆ. ನಾನೇ ಮೂರು ದಿನ, ಮೂರು ಸಮಯ ಕೊಟ್ಟು ಯಾವುದು ಆಗುತ್ತದೆ ಅಂತ ಕೇಳುತ್ತಿದ್ದೆ. ನಿಮಗೆ ಯಾವಾಗ ಬಿಡುವು ಅಂತ ಕೇಳಿದರೆ ಆ ಇಮೇಲ್ ಅಲ್ಲೇ ಸಾಯುತ್ತದೆ. ಕಾಫಿ ಬಿಲ್ ಯಾವಾಗಲೂ ನಾನೇ ಕೊಡುತ್ತಿದ್ದೆ, ಅದು ಮರ್ಯಾದೆ. ಲಿಥೋಗ್ರಫಿ ಕಡೆ ದಾರಿ ಸಿಕ್ಕಿದ್ದು ಹಾಗೆ. ಫ್ಯಾಬ್ ಕೆಲಸ ನೋಡಿ, ಡಿವಿಗಿಂತ ಚೆನ್ನಾಗಿದೆ.

ಪಿಡಿ_ಹುಬ್ಬಳ್ಳಿ: ಅವರು ಕೇಳಿದ್ದು ಬೆಂಗಳೂರಿನ ಡಿವಿ ಬಗ್ಗೆ, ನೀವು ಜರ್ಮನಿ ಫ್ಯಾಬ್ ಹೇಳುತ್ತಿದ್ದೀರಿ. ಕಾಫಿ ಮಾತು ನನ್ನ ಹತ್ತಿರ ಎತ್ತಬೇಡಿ. ಕೋರಮಂಗಲದ ಕೆಫೆಯಲ್ಲಿ ಒಬ್ಬ ಸೀನಿಯರ್‌ಗೆ ಕಾಫಿ, ಸ್ಯಾಂಡ್‌ವಿಚ್ ಕೊಡಿಸಿದೆ, 740 ರೂಪಾಯಿ. ಕೆಲಸ ಇಲ್ಲದ ಕಾಲ ಅದು. ಅವರು ಕೂತಷ್ಟು ಹೊತ್ತೂ ತಮ್ಮ ಫ್ಲಾಟಿನ ಕಥೆ ಹೇಳಿ ಎದ್ದು ಹೋದರು.

ಡಿಎಫ್‌ಟಿ_ಮೈಸೂರು: ಕೆಫೆ ಯಾಕೆ ಬೇಕು? ಗುರುತಿಲ್ಲದ ಹುಡುಗ ಕಾಫಿಗೆ ಬನ್ನಿ ಅಂದರೆ ನಾನು ಬ್ಲಾಕ್ ಮಾಡುತ್ತೇನೆ. ಮೊದಲ ಮೆಸೇಜ್‌ನಲ್ಲೇ ವಾಟ್ಸಾಪ್ ನಂಬರ್ ಕೇಳುವವರನ್ನೂ ಅಷ್ಟೇ. ಗೂಗಲ್ ಮೀಟ್ ಲಿಂಕ್ ಕಳಿಸಿ, ಕ್ಯಾಮೆರಾ ಬೇಡ ಅಂತ ನೀವೇ ಹೇಳಿ. ಅಷ್ಟಾದರೆ ಸಹಾಯ ಮಾಡಲು ನನಗೇನೂ ಕಷ್ಟ ಇಲ್ಲ.

ಪಿಡಿ_ಹುಬ್ಬಳ್ಳಿ: ಎಲ್ಲ ಹುಡುಗರೂ ಹಾಗಲ್ಲ. ನಂಬರ್ ಕೇಳುವುದು ಮಾತಾಡಲು ಸುಲಭ ಅಂತ.

ಡಿಎಫ್‌ಟಿ_ಮೈಸೂರು: ನಿಮಗೆ ಸುಲಭ. ರಾತ್ರಿ ಹನ್ನೊಂದಕ್ಕೆ ಗುಡ್ ನೈಟ್ ಮೆಸೇಜ್ ನೋಡಬೇಕಾದವಳು ನಾನು.

ದಾವಣಗೆರೆ_ಇಸಿ: ದಯವಿಟ್ಟು ಜಗಳ ಬೇಡ. ಕವರೇಜ್ ಮೇಡಂ, ಒಬ್ಬರಿಗೆ ಬರೆದು ಹತ್ತು ದಿನ ಆಯಿತು, ಉತ್ತರ ಇಲ್ಲ. ಮತ್ತೆ ಬರೆಯಲಾ? ಅವರು ಕೆಲಸ ಮಾಡುತ್ತಿರುವ ಚಿಪ್ ಯಾವುದು ಅಂತಲೂ ಕೇಳಿದ್ದೆ.

ಕವರೇಜ್_ಅಕ್ಕ: ಒಂದು ಸಲ ಬರೆಯಿರಿ, ಅಷ್ಟೇ. ಡಿಸೈನ್ ಮುಗಿಸಿ ಫ್ಯಾಬ್‌ಗೆ ಕಳಿಸುವ ಟೇಪೌಟ್ ಹತ್ತಿರ ಇದ್ದರೆ ನಾವು ಮನೆಯವರ ಫೋನೇ ಎತ್ತುವುದಿಲ್ಲ. ಆದ್ದರಿಂದ ಈಗ ಬ್ಯುಸಿ ಇದ್ದರೆ ಮುಂದಿನ ತಿಂಗಳಾದರೂ ಸರಿ ಅಂತ ಸೇರಿಸಿ. ಅದಕ್ಕೂ ಉತ್ತರ ಬರದಿದ್ದರೆ ಬಿಟ್ಟು ಬೇರೆಯವರನ್ನು ನೋಡಿ. ಚಿಪ್ ಹೆಸರು ಮಾತ್ರ ಇನ್ನು ಯಾರನ್ನೂ ಕೇಳಬೇಡಿ. ನಾವು ಎನ್‌ಡಿಎಗೆ ಸಹಿ ಹಾಕಿರುತ್ತೇವೆ, ಆ ಪ್ರಶ್ನೆ ಕಂಡರೆ ಹೆದರಿ ಸುಮ್ಮನಾಗುತ್ತೇವೆ. ಯಾವ ಪ್ರೋಟೋಕಾಲ್ ಮೊದಲು ಕಲಿಯಲಿ, ಎಎಕ್ಸ್‌ಐ ಸಾಕಾ, ಇಂಥದ್ದು ಕೇಳಿ.

ಪಿಡಿ_ಹುಬ್ಬಳ್ಳಿ: ಒಂದು ಮಾತು ನಾನೂ ಹೇಳುತ್ತೇನೆ, ಇದು ನಾಟಕ ಅಲ್ಲ. ಮಾತುಕತೆ ನಡೆಯುತ್ತಿರುವ ಕಂಪನಿಯ ಪೋರ್ಟಲ್‌ನಲ್ಲಿ ನೀವಾಗಿಯೇ ಅರ್ಜಿ ಹಾಕಬೇಡಿ. ನನಗೆ ಒಬ್ಬರು ರೆಫರ್ ಮಾಡಲು ಕೊನೆಗೂ ಒಪ್ಪಿದರು. ಹೆಸರು ಹಾಕಲು ಹೋದರೆ ಈ ಅಭ್ಯರ್ಥಿ ಈಗಾಗಲೇ ಸಿಸ್ಟಮ್‌ನಲ್ಲಿದ್ದಾರೆ, ಆರು ತಿಂಗಳು ರೆಫರ್ ಮಾಡುವಂತಿಲ್ಲ ಅಂತ ಬಂತು.

ಕವರೇಜ್_ಅಕ್ಕ: ಇದು ನಿಜ, ಒಪ್ಪುತ್ತೇನೆ. ಆದರೆ ಎಲ್ಲ ಕಡೆ ಒಂದೇ ನಿಯಮ ಇಲ್ಲ. ಮೊದಲು ಅವರನ್ನೇ ಕೇಳಿ.

ದಾವಣಗೆರೆ_ಇಸಿ: ಅಯ್ಯೋ, ಕಳೆದ ತಿಂಗಳೇ ಎರಡು ಕಂಪನಿಗೆ ಹಾಕಿಬಿಟ್ಟಿದ್ದೇನೆ. ಅರ್ಜಿ ವಾಪಸ್ ತೆಗೆದರೆ ಆ ಆರು ತಿಂಗಳ ಲೆಕ್ಕ ಹೋಗುತ್ತದಾ? ಯಾರಾದರೂ ಮಾಡಿ ನೋಡಿದ್ದೀರಾ?