ಕಾಲೇಜು ಫೆಸ್ಟ್‌ಗೆ 20,000 ಕೊಟ್ಟರೆ ಗಿರಾಕಿ ಬಂದರೋ ಇಲ್ಲವೋ ತಿಳಿಯುವುದು ಹೇಗೆ?

ಪ್ರಶ್ನೆ (ಶೂ ಅಂಗಡಿ, ಹಾಸನ): ಬಿ.ಎಂ. ರಸ್ತೆಯಲ್ಲಿ ನನ್ನ ಅಂಗಡಿ. ಕಾಲೇಜು ಹುಡುಗರು ಫೆಸ್ಟ್‌ಗೆ 20,000 ಕೇಳುತ್ತಿದ್ದಾರೆ. ಸ್ಟೇಜ್ ಬ್ಯಾನರ್‌ನಲ್ಲಿ ಹೆಸರು ಹಾಕುತ್ತಾರಂತೆ. ಹೋದ ವರ್ಷವೂ ಕೊಟ್ಟಿದ್ದೆ, ಉಪಯೋಗ ಆಯಿತಾ ಅಂತ ಗೊತ್ತೇ ಆಗಲಿಲ್ಲ.

ಮೊಬೈಲ್ ಅಂಗಡಿಯವರು: ಸುಲಭ ಸರ್. ಫೆಸ್ಟ್ ತಿಂಗಳ ವ್ಯಾಪಾರವನ್ನು ಹಿಂದಿನ ತಿಂಗಳ ಜೊತೆ ಹೋಲಿಸಿ. ಜಾಸ್ತಿ ಆಗಿದ್ದರೆ ಫೆಸ್ಟ್‌ನಿಂದಲೇ ಅಲ್ವಾ?

ಅಂಗಡಿಗಳ ಪ್ರಚಾರ ನೋಡಿಕೊಳ್ಳುವವರು: ಹೋಲಿಸುವುದು ಸರಿ, ಆದರೆ ಅದೊಂದೇ ಸಾಲದು. ಹಾಸನಾಂಬೆ ಬಾಗಿಲು ತೆಗೆದಿರುವಾಗ ಫೆಸ್ಟ್ ನಡೆದರೆ, ದರ್ಶನಕ್ಕೆ ಬಂದವರ ವ್ಯಾಪಾರವೂ ದೀಪಾವಳಿ ಖರೀದಿಯೂ ಅದರಲ್ಲೇ ಬೆರೆತುಹೋಗುತ್ತದೆ. ಗಿರಾಕಿ ಎಲ್ಲಿಂದ ಬಂದರು ಅನ್ನುವುದನ್ನು ಬಿಲ್ ಮಾಡುವಾಗಲೇ ಹಿಡಿಯಬೇಕು.

ಬ್ಯಾನರ್ ಜೊತೆಗೆ, ಸ್ಪರ್ಧಿಗಳಿಗೆ ಕೊಡುವ ಕಿಟ್‌ನಲ್ಲಿ ನಿಮ್ಮ 100 ರೂಪಾಯಿ ಕೂಪನ್ ಹಾಕಿಸಿ. ಈ ಫೆಸ್ಟ್‌ಗೆ ಮಾತ್ರ ಒಂದು ಬಣ್ಣ ಇರಲಿ. ವಾಪಸ್ ಬಂದ ಕೂಪನ್ ಹಿಂದೆ ಗಿರಾಕಿಯ ಅನುಮತಿ ಕೇಳಿ ಮೊಬೈಲ್ ನಂಬರ್ ಬರೆದುಕೊಳ್ಳಿ. ಹಳೇ ಬಿಲ್‌ಗಳಲ್ಲಿ ಆ ನಂಬರ್ ಇದೆಯಾ ನೋಡಿ. ಇದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ.

ಹೀಗೆ ಲೆಕ್ಕ ಹಾಕಿ. 90 ಕೂಪನ್ ವಾಪಸ್ ಬಂದವು, ಸರಾಸರಿ ಬಿಲ್ 1,200 ಅಂದುಕೊಳ್ಳಿ. ಲಕ್ಷದ ಮೇಲೆ ವ್ಯಾಪಾರ ಅಂತ ಖುಷಿಯಾಗುತ್ತದೆ. ಆದರೆ 35 ಜನ ಹಳೇ ಗಿರಾಕಿಗಳು, ಹೇಗೂ ಬರುತ್ತಿದ್ದವರು. ಅವರಿಗೆ ಕೊಟ್ಟ 3,500 ಸುಮ್ನೆ ಹೋಯಿತು. ಹೊಸಬರು 55. ಬಿಲ್ಲಿಗೆ ಲಾಭ 360 ಇದ್ದರೆ, ರಿಯಾಯಿತಿ ಕಳೆದು ಕೈಗೆ 260 ಸಿಗುತ್ತದೆ, ಒಟ್ಟು 14,300. ಹಳಬರ 3,500 ಕಳೆದರೆ ಉಳಿದಿದ್ದು 10,800. ಕೊಟ್ಟಿದ್ದು 20,000.

ಇಲ್ಲಿಗೆ ನಿಲ್ಲಿಸಬೇಡಿ. ಆ 55 ನಂಬರ್‌ಗಳಲ್ಲಿ ಎಷ್ಟು ಜನ ಆರು ತಿಂಗಳೊಳಗೆ ಮತ್ತೆ ಬಂದರು ಅಂತ ನೋಡಿ. ಸುಮಾರು 25 ಜನ ಬಂದರೂ ದುಡ್ಡು ಹೆಚ್ಚುಕಡಿಮೆ ವಾಪಸ್ಸಾಗುತ್ತದೆ. ಐದಾರು ಜನ ಮಾತ್ರ ಬಂದರೆ ಮುಂದಿನ ವರ್ಷ ಅರ್ಧ ಮೊತ್ತಕ್ಕೆ ಒಪ್ಪಿ.

ಹಾರ್ಡ್‌ವೇರ್ ಅಂಗಡಿ, ಚಿಕ್ಕಮಗಳೂರು: ನಾನು ಊರಿನ ಕಬಡ್ಡಿ ಟೂರ್ನಮೆಂಟ್‌ಗೆ ಕಪ್ ಕೊಡುತ್ತೇನೆ. ಸಿಮೆಂಟ್ ಅಂಗಡಿಗೆ ಕೂಪನ್ ಹಂಚಿದರೆ ಯಾರು ತರುತ್ತಾರೆ?

ಪ್ರಚಾರದವರು: ನಿಮಗೆ ಕೂಪನ್ ಹೊಂದುವುದಿಲ್ಲ. ಮನೆ ಕಟ್ಟುವವರು ವರ್ಷವಾದ ಮೇಲೂ ಬರಬಹುದು. ಹೊಸ ಗಿರಾಕಿಯನ್ನು ‘ನಮ್ಮ ಅಂಗಡಿ ಹೇಗೆ ಗೊತ್ತಾಯಿತು?’ ಅಂತ ಕೇಳಿ, ಉತ್ತರವನ್ನು ಬಿಲ್ ಪುಸ್ತಕದಲ್ಲೇ ಬರೆಯಿರಿ. ಕಬಡ್ಡಿ ಅಂತ ನೀವೇ ಬಾಯಿಗೆ ಹಾಕಬೇಡಿ, ಜನ ಮರ್ಯಾದೆಗೆ ಹೌದು ಅಂದುಬಿಡುತ್ತಾರೆ.

ಶೂ ಅಂಗಡಿಯವರು: ಬ್ಯಾನರ್ ನೋಡಿ ಕೂಪನ್ ಇಲ್ಲದೆ ಬಂದವರು?

ಪ್ರಚಾರದವರು: ಅವರೂ ಆ ಪ್ರಶ್ನೆಯಲ್ಲೇ ಸಿಗಬೇಕು. ಸ್ವಲ್ಪ ಜನ ತಪ್ಪಿಹೋಗುತ್ತಾರೆ, ಅದಕ್ಕೆ ನನ್ನ ಹತ್ತಿರ ಪಕ್ಕಾ ದಾರಿ ಇಲ್ಲ.

ಶೂ ಅಂಗಡಿಯವರು: ಕಿಟ್‌ನಲ್ಲಿ ಕೂಪನ್ ಹಾಕುತ್ತೀರಾ ಅಂತ ನಾಳೆ ಹುಡುಗರನ್ನು ಕೇಳುತ್ತೇನೆ. ಒಪ್ಪಿದರೆ 10,000 ಈಗ, ಕೂಪನ್ ಹಂಚಿದ ಮೇಲೆ ಉಳಿದಿದ್ದು.