ಗಲ್ಲಾ ಸರಿ ಇದೆ, ಸ್ಟಾಕ್ ಮಾತ್ರ ಕಡಿಮೆ: ಎಲ್ಲಿಂದ ಹುಡುಕಲಿ?

ಕೇಳಿದವರು: ತಿಂಗಳ ಲೆಕ್ಕ ಮುಚ್ಚುತ್ತಾ ಇದ್ದೇನೆ. ಗಲ್ಲಾ ದಿನಾ ಸರಿ ಬರುತ್ತದೆ, ಖರೀದಿ ಬಿಲ್ಲುಗಳೂ ತಾಳೆ ಆಗುತ್ತವೆ. ಆದರೆ ಕೈಯಾರೆ ಎಣಿಸಿದಾಗ ಮೂರು ಸಾಮಾನಿನ ಸ್ಟಾಕ್ ಕಡಿಮೆ. ಕೆಲಸದ ಹುಡುಗನ ಮೇಲೆ ಅನುಮಾನ ಪಡೋಕೆ ಮನಸ್ಸಿಲ್ಲ. ಅನುಭವ ಇದ್ದವರು ಹೇಳಿ.

ಹಳೇ ಕೌಂಟರ್: ನನ್ನ ಅಂಗಡಿಯಲ್ಲೂ ಹೀಗೇ ಆಗಿತ್ತು. ಪಾಲುದಾರ ಹುಡುಗನ ಸಂಬಳದಲ್ಲಿ ಹಿಡಿಯೋಣ ಅಂತ ಹಟ ಹಿಡಿದ. ಲೆಕ್ಕ ಮುಗಿಯುವ ತನಕ ಒಂದು ಪೈಸೆ ಹಿಡಿಯಬಾರದು ಅಂತ ನಾನು ಅಡ್ಡ ನಿಂತೆ. ಇವತ್ತಿಗೂ ಅದಕ್ಕೆ ನನಗೆ ಹೆಮ್ಮೆ ಇದೆ.

ಒಂದೇ ಸಾಮಾನಿನ ಕಥೆ ಹೇಳುತ್ತೇನೆ. ತಿಂಗಳ ಮೊದಲಿಗೆ 20 ಬಾಕ್ಸ್ ಬಂತು, ಆಮೇಲೆ 30 ಬಾಕ್ಸ್. ಬಾಕ್ಸಿಗೆ 12 ಪೀಸ್ ಅಂತ ಸಾಫ್ಟ್‌ವೇರಿನಲ್ಲಿ ಹಾಕಿದ್ದು. ಹಾಗಾಗಿ ಒಳಗೆ ಬಂದಿದ್ದು 600 ಪೀಸ್, ಬಿಡಿಯಾಗಿ ಮಾರಿದ್ದು 450, ಉಳಿಯಬೇಕಾದ್ದು 150. ಶೆಲ್ಫಿನಲ್ಲಿ ಇದ್ದದ್ದು 90.

60 ಪೀಸ್ ಎಲ್ಲಿ ಹೋಯಿತು? ಕದ್ದಿದ್ದರೆ ಒಂದು ವಾರ ಜಾಸ್ತಿ, ಒಂದು ವಾರ ಕಡಿಮೆ ಇರಬೇಕಲ್ವಾ. ಅಷ್ಟು ದುಂಡಗಿನ ಸಂಖ್ಯೆ ನೋಡಿ ನನಗೆ ಸಮಾಧಾನ ಆಗಲಿಲ್ಲ. ಕೊರತೆಯನ್ನು ಎರಡನೇ ಲಾಟಿನ ಬಾಕ್ಸುಗಳಿಂದ ಭಾಗಿಸಿದೆ. ಸರಿಯಾಗಿ ಬಾಕ್ಸಿಗೆ ಎರಡು! ಗೋದಾಮಿಗೆ ಹೋಗಿ, ಹೊಸದಾಗಿ ಬಂದು ಇನ್ನೂ ಲೆಕ್ಕಕ್ಕೆ ಸೇರದ ಬಾಕ್ಸ್ ಒಂದನ್ನು ಬಿಚ್ಚಿ ಎಣಿಸಿದೆ. ಹತ್ತೇ ಪೀಸ್. ಹೊರಗಡೆ ಅದೇ ಬಣ್ಣ, ಅದೇ ಅಳತೆ, ಅದೇ ಬಾರ್‌ಕೋಡ್. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ '10' ಅಂತ ಇತ್ತು, ಅಷ್ಟೇ.

ಬಾಕ್ಸಿನ ದರ ಮಾತ್ರ ಮೊದಲಿನಂತೆ 600. ಅದಕ್ಕೇ ಖರೀದಿ ಬಿಲ್ಲಿನಲ್ಲಿ ಏನೂ ಕಾಣಲಿಲ್ಲ. ಸಾಫ್ಟ್‌ವೇರು 600 ಅನ್ನು 12ರಿಂದ ಭಾಗಿಸಿ ಪೀಸಿಗೆ 50 ಅಂತ ಹಿಡಿದು, ಶೇಕಡ 20 ಸೇರಿಸಿ 60ಕ್ಕೆ ಬಿಲ್ ಮಾಡುತ್ತಿತ್ತು. ಅಸಲೇ 60! ಎರಡನೇ ಲಾಟಿನ ಒಂದೊಂದು ಪೀಸನ್ನೂ ಲಾಭವಿಲ್ಲದೆ ಮಾರಿದ್ದೇವೆ. ಪುಸ್ತಕದಲ್ಲಿ 4,500 ಲಾಭ ತೋರಿಸುತ್ತಿತ್ತು, ನಿಜವಾಗಿ ಬಂದಿದ್ದು 2,400. ಬಾಕಿ 2,100 ಇಲ್ಲದ ಸ್ಟಾಕಿನಲ್ಲಿ ಅಡಗಿತ್ತು.

ಬೀದಿ ತುದಿ ಅಂಗಡಿ: ಅಣ್ಣಾ, ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡೋದು ಹಳೇ ಕ್ರಮ. ಶೇಷ ಬರದಿದ್ದರೆ ಅಂಕಿ ಹಿಂದೆ ಮುಂದೆ ಬರೆದಿದ್ದಾರೆ ಅಂತ ಅರ್ಥ. 82 ಬರೆಯೋ ಕಡೆ 28 ಬರೆದರೆ ವ್ಯತ್ಯಾಸ 54. ನಾನು ಪ್ರತಿ ತಿಂಗಳೂ ಹೀಗೇ ಹಿಡಿಯುತ್ತೇನೆ, ಸಾಫ್ಟ್‌ವೇರ್ ಎಲ್ಲ ಸುಮ್ನೆ ಖರ್ಚು.

ಲೆಕ್ಕದವಳು: ಅಂಕಿ ಅದಲು ಬದಲಾದರೆ ವ್ಯತ್ಯಾಸ 9ರಿಂದ ಭಾಗವಾಗೇ ಆಗುತ್ತದೆ, ಸರಿ. ಆದರೆ ಭಾಗವಾಗಿದ್ದೆಲ್ಲ ಅಂಕಿ ಅದಲು ಬದಲಲ್ಲ. 90 ಮೊತ್ತದ ಒಂದು ಬಿಲ್ ಬರೆಯದೇ ಬಿಟ್ಟರೂ ಭಾಗವಾಗುತ್ತದೆ. ಅದೂ ಅಲ್ಲದೆ ಇವರು ಕೇಳಿದ್ದು ಸ್ಟಾಕ್ ಎಣಿಕೆ. ಇವರ ಪುಸ್ತಕ ತಾಳೆ ಆಗಿದೆಯಲ್ಲ.

ಬೀದಿ ತುದಿ ಅಂಗಡಿ: ಎಣಿಕೆ ಬರೆಯುವಾಗ ಅಂಕಿ ತಿರುಗುವುದಿಲ್ವಾ ಮೇಡಂ? ಇಷ್ಟು ವರ್ಷ ಅಂಗಡಿ ನಡೆಸಿದವನಿಗೆ ಪಾಠ ಬೇಡ.

ಬೆಳಗಿನ ಬಾಗಿಲು: ಬಾಕ್ಸು, ಅಂಕಿ ಅಂತ ಎಲ್ಲರೂ ಹುಡುಗನನ್ನು ಬಿಟ್ಟುಕೊಡುತ್ತಿದ್ದೀರಿ. ನನ್ನ ಅಂಗಡಿಯಲ್ಲಿ ಆಗಿದ್ದು ಕಳ್ಳತನವೇ. ಗಿರಾಕಿ ದುಡ್ಡು ಕೊಟ್ಟು ಹೋದ ಮೇಲೆ ಬಿಲ್ ರದ್ದು ಮಾಡಿ ದುಡ್ಡು ಜೇಬಿಗೆ. ಗಲ್ಲಾ ದಿನಾ ಸರಿ ಬರುತ್ತಿತ್ತು, ಬರಲೇಬೇಕಲ್ಲ, ಬಿಲ್ಲೇ ಇಲ್ಲವಲ್ಲ! ರದ್ದಾದ ಬಿಲ್ಲುಗಳ ಪಟ್ಟಿ ತೆಗೆದಾಗ ಎಲ್ಲವೂ ಒಬ್ಬನದೇ ಪಾಳಿಯಲ್ಲಿ, ನಾನು ಊಟಕ್ಕೆ ಹೋದ ಹೊತ್ತಿನಲ್ಲಿ. ಮನೆ ಮಗನ ಹಾಗೆ ನೋಡಿಕೊಂಡಿದ್ದೆ. ಮೊದಲು ಆ ಪಟ್ಟಿ ನೋಡಿ.

ಹಳೇ ಕೌಂಟರ್: ನಿಮಗೆ ಆದದ್ದಕ್ಕೆ ಬೇಜಾರಿದೆ. ಆದರೆ ಪುರಾವೆ ಇಲ್ಲದೆ ಹುಡುಗನ ಮೇಲೆ ಹಾಕಬೇಡಿ ಅನ್ನುವುದು ಬಿಟ್ಟುಕೊಡುವುದಲ್ಲ. ನನ್ನ ಪಾಲುದಾರನ ಮಾತು ಕೇಳಿದ್ದರೆ ಒಬ್ಬ ಪ್ರಾಮಾಣಿಕ ಹುಡುಗ ಕಳ್ಳ ಅನ್ನಿಸಿಕೊಳ್ಳುತ್ತಿದ್ದ.

ಬೆಳಗಿನ ಬಾಗಿಲು: ಪುರಾವೆ ನೋಡಿ ಅಂತಲೇ ನಾನೂ ಹೇಳಿದ್ದು. ಓದಿ ಮಾತಾಡಿ.

ಲೆಕ್ಕದವಳು: ಹಳೇ ಕೌಂಟರ್ ಅವರೇ, ನಿಮ್ಮ ಕಥೆಯಲ್ಲಿ ಎಲ್ಲವನ್ನೂ ಬಿಡಿಯಾಗಿ ಮಾರಿದ್ದೀರಿ, ಅದಕ್ಕೇ ಕೊರತೆ ಕಂಡಿತು. ನಮ್ಮಲ್ಲೂ ಹತ್ತರ ಬಾಕ್ಸ್ ಬಂದಿತ್ತು, ಆದರೆ ನಾವು ಹೆಚ್ಚಾಗಿ ಇಡೀ ಬಾಕ್ಸ್ ಮಾರುವವರು. ಒಳಗೆ ಬರುವಾಗ 12, ಹೊರಗೆ ಹೋಗುವಾಗಲೂ 12. ಸ್ಟಾಕ್ ಒಂದು ಪೀಸೂ ಕಡಿಮೆಯಾಗುವುದಿಲ್ಲ. ಗಿರಾಕಿಗೆ ಮಾತ್ರ ಹತ್ತು ಪೀಸ್ ಕೊಟ್ಟು ಹನ್ನೆರಡಕ್ಕೆ ಬಿಲ್! ಒಡೆದ ನಾಲ್ಕು ಬಾಕ್ಸಿನಿಂದ 8 ಪೀಸ್ ಕಡಿಮೆ ಬಂದದ್ದರಿಂದ ನನಗೆ ಸುಳಿವು ಸಿಕ್ಕಿತು. ಇಡಿಯಾಗಿ ಹೋದ 18 ಬಾಕ್ಸಿನಲ್ಲಿ 36 ಪೀಸಿಗೆ ಸುಮ್ನೆ ದುಡ್ಡು ತೆಗೆದುಕೊಂಡಿದ್ದೆವು. ಪೀಸಿಗೆ 60ರಂತೆ 2,160. ಖಾತೆ ಇದ್ದ ಗಿರಾಕಿಗಳಿಗೆಲ್ಲ ಕ್ರೆಡಿಟ್ ನೋಟ್ ಹಾಕಿ ಫೋನ್ ಮಾಡಿ ಹೇಳಿದೆ.

ಬೀದಿ ತುದಿ ಅಂಗಡಿ: ಕೇಳದೇ ಇದ್ದವರಿಗೆ ಯಾರಾದರೂ ವಾಪಸ್ ಕೊಡುತ್ತಾರಾ? ಅವರು ಎಣಿಸಿಕೊಂಡು ಹೋಗಬೇಕಿತ್ತು.

ಲೆಕ್ಕದವಳು: ಕೊಡದ ಸಾಮಾನಿಗೆ ತೆಗೆದುಕೊಂಡ ದುಡ್ಡು ಅದು. ಅವರು ಎಣಿಸಲಿಲ್ಲ ಅಂದ ಮಾತ್ರಕ್ಕೆ ನಮ್ಮದಾಗುತ್ತದಾ? ನಗದು ಕೊಟ್ಟು ಹೋದವರ ಹೆಸರು ನಮ್ಮ ಹತ್ತಿರ ಇರಲಿಲ್ಲ. ಆ ಮೊತ್ತವನ್ನು ಲಾಭಕ್ಕೆ ಸೇರಿಸದೆ ಬೇರೆಯೇ ಇಟ್ಟಿದ್ದೇನೆ, ಯಾರಾದರೂ ಬಿಲ್ ತಂದರೆ ಅದರಿಂದ ಕೊಡುತ್ತೇನೆ.

ಹಳೇ ಕೌಂಟರ್: ಹುಡುಕಿದ ಮೇಲಿನ ರಗಳೆ ಯಾರೂ ಹೇಳಲಿಲ್ಲ. ನಮ್ಮ ಸಾಫ್ಟ್‌ವೇರ್ ಹಾಕಿಕೊಟ್ಟವನು ಐಟಂ ಮಾಸ್ಟರಿನಲ್ಲಿ 12 ಅಳಿಸಿ 10 ಮಾಡಿ ಹೋದ. ಹಳೇ ಲಾಟಿನ 20 ಬಾಕ್ಸೂ ಹತ್ತು ಪೀಸಿನದಾಯಿತು! ಪುಸ್ತಕದಲ್ಲಿ 500 ಬಂದು 450 ಹೋಗಿ 50 ಉಳಿಯಿತು. ಶೆಲ್ಫಿನಲ್ಲಿ 90. ಕೊರತೆ ಹೋಗಿ 40 ಪೀಸ್ ಹೆಚ್ಚುವರಿ. ಇಡೀ ರಾತ್ರಿ ಅದಕ್ಕೇ ಹೋಯಿತು. ಕೊನೆಗೆ 12 ವಾಪಸ್ ಹಾಕಿಸಿ, ಹತ್ತರ ಬಾಕ್ಸಿಗೆ ಹೊಸ ಕೋಡ್ ತೆರೆದು, ಆ 30 ಬಾಕ್ಸಿನ ಖರೀದಿಯನ್ನು ಅದರಡಿಗೆ ಹಾಕಿಸಿದೆ. ಬಾಕ್ಸಿನೊಳಗಿನ ಎಣಿಕೆ ಬದಲಾದರೆ ಬಾಕ್ಸಿಗೆ ಹೊಸ ಬಾರ್‌ಕೋಡ್ ಸಂಖ್ಯೆ ಕೊಡಬೇಕು ಅಂತ, ಬಾರ್‌ಕೋಡ್ ಸಂಖ್ಯೆ ಹಂಚುವ ಜಿಎಸ್1 ಸಂಸ್ಥೆಯ ನಿಯಮವೇ ಇದೆ. ಕಳಿಸಿದವರು ಅದನ್ನು ಪಾಲಿಸಿದ್ದರೆ ಸ್ಕ್ಯಾನ್ ಮಾಡಿದಾಗಲೇ 'ಐಟಂ ಇಲ್ಲ' ಅಂತ ಬರುತ್ತಿತ್ತು.

ಲೆಕ್ಕದವಳು: ಹಳೇ ಖರೀದಿ ತಿದ್ದಿಸಿದ್ದು ನನಗೆ ಒಪ್ಪಿಗೆ ಇಲ್ಲ. ಮುಚ್ಚಿದ ತಿಂಗಳಿನದಾದರೆ ಕೊಟ್ಟ ತೆರಿಗೆ ಲೆಕ್ಕಕ್ಕೂ ಪುಸ್ತಕಕ್ಕೂ ತಾಳೆ ತಪ್ಪುತ್ತದೆ. ಹೊಂದಾಣಿಕೆ ನಮೂದು ಹಾಕಿ, ಕಾರಣ ಬರೆದಿಡಬೇಕಿತ್ತು.

ಹಳೇ ಕೌಂಟರ್: ತಿಂಗಳು ಮುಚ್ಚಿರಲಿಲ್ಲ ಮೇಡಂ, ಅವತ್ತೇ ಮುಚ್ಚುತ್ತಿದ್ದೆ. ಮೊದಲೇ ಹೇಳಿದ್ದೇನಲ್ಲ.

ಲೆಕ್ಕದವಳು: ಎಲ್ಲೂ ಹೇಳಿಲ್ಲ. ಮೇಲೆ ಹೋಗಿ ನೋಡಿ.

ಕೇಳಿದವರು: ಎಲ್ಲರಿಗೂ ಧನ್ಯವಾದ, ದಯವಿಟ್ಟು ಜಗಳ ಬೇಡ. ಈಗಷ್ಟೇ ಬಾಕ್ಸ್ ಬಿಚ್ಚಿ ನೋಡಿದೆ. ಒಂದು ಸಾಮಾನಿನದು ಇದೇ ಕಥೆ, 24 ಇದ್ದದ್ದು 20 ಆಗಿದೆ. ಒಡೆದದ್ದು 7 ಬಾಕ್ಸ್, ಕೊರತೆ 28, ಸರಿಯಾಗಿ ಕೂರುತ್ತದೆ. ಇನ್ನೆರಡರಲ್ಲಿ ಬಾಕ್ಸಿನ ಎಣಿಕೆ ಬದಲಾಗಿಲ್ಲ, ಆದರೂ ಕಡಿಮೆ.

ಬೆಳಗಿನ ಬಾಗಿಲು: ರದ್ದಾದ ಬಿಲ್ಲುಗಳ ಪಟ್ಟಿ ತೆಗೆಯಿರಿ ಅಂತ ಆಗಲೇ ಹೇಳಿದೆ.

ಲೆಕ್ಕದವಳು: ಅದನ್ನೂ ತೆಗೆಯಿರಿ. ಜೊತೆಗೆ, ಆ ಎರಡರಲ್ಲಿ ಯಾವುದಕ್ಕಾದರೂ ಹತ್ತಕ್ಕೆ ಒಂದು ಉಚಿತ ಅಂತ ಸ್ಕೀಮ್ ಇತ್ತಾ? ಇದ್ದರೆ ಖರೀದಿ ಬಿಲ್ಲಿನಲ್ಲಿ ಬರೆದ ಉಚಿತ ಪೀಸುಗಳು ನಿಜವಾಗಿ ಗಾಡಿಯಿಂದ ಇಳಿದವಾ ಅಂತ ಮಾಲು ಇಳಿಸಿಕೊಂಡವರನ್ನು ಕೇಳಿ. ದುಡ್ಡು ಕೊಡದ ಸಾಮಾನನ್ನು ಯಾರೂ ಎಣಿಸಿಕೊಳ್ಳುವುದಿಲ್ಲ.