ಒಂದೇ ವಾರದಲ್ಲಿ ನಾಲ್ಕು ದೂರು: ಬಿಲ್ಲಿಂಗ್ ತಂತ್ರಾಂಶದ ಯಾವ ದೋಷವನ್ನು ಮೊದಲು ಸರಿಪಡಿಸಬೇಕು?

ಬಿಲ್ಲುಗಾರ_ದಾವಣಗೆರೆ:
ನಮ್ಮದು ಮೂವರು ಕೆಲಸ ಮಾಡುವ ಸಣ್ಣ ಸಂಸ್ಥೆ. ಸಗಟು ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಬರೆದುಕೊಡುತ್ತೇವೆ. ಈ ವಾರ ಬೇರೆ ಬೇರೆ ಅಂಗಡಿಗಳಿಂದ ನಾಲ್ಕು ದೂರುಗಳು ಬಂದಿದ್ದು, ಮಾಲೀಕರು ನಾಲ್ಕರ ಮೇಲೂ ‘ತುರ್ತು’ ಎಂದು ಬರೆದಿಟ್ಟಿದ್ದಾರೆ. ಬಿಲ್ಲಿನಲ್ಲಿ ನಲವತ್ತಕ್ಕಿಂತ ಹೆಚ್ಚು ಸಾಲುಗಳಿದ್ದರೆ ಪ್ರಿಂಟ್ ಒತ್ತಿದ ಕೂಡಲೇ ತಂತ್ರಾಂಶ ಮುಚ್ಚಿಹೋಗುತ್ತದೆ ಎಂಬುದು ಒಂದು. ತೆರಿಗೆಯ ಮೊತ್ತ ಖರೀದಿದಾರರ ಲೆಕ್ಕಕ್ಕಿಂತ ಒಂದು ಪೈಸೆ ಕಡಿಮೆ ಬರುತ್ತಿದೆ ಎಂಬುದು ಇನ್ನೊಂದು. ಒಂದು ಅಂಗಡಿಯಲ್ಲಿ ಒಂದೇ ಸಂಖ್ಯೆಯ ಎರಡು ಬಿಲ್ಲುಗಳು ಸಿಕ್ಕಿವೆ. ಮತ್ತೊಂದರಲ್ಲಿ ತಮಿಳುನಾಡಿನ ಗ್ರಾಹಕರಿಗೆ ಐಜಿಎಸ್‌ಟಿ ಬದಲು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬಿದ್ದಿದೆ.

ಪೈಸೆಯ ದೂರು ನಮ್ಮ ಅತಿ ದೊಡ್ಡ ಗ್ರಾಹಕರದ್ದಾದ್ದರಿಂದ ಅದನ್ನೇ ಮೊದಲು ಮುಗಿಸಬೇಕೆಂದು ಮಾಲೀಕರು ಹಟ ಹಿಡಿದಿದ್ದಾರೆ. ನನಗೆ ಅದು ಸರಿ ಎನಿಸುತ್ತಿಲ್ಲ, ಆದರೆ ಏಕೆ ಸರಿಯಲ್ಲ ಎಂದು ಅವರಿಗೆ ಹೇಳಲೂ ಬರುತ್ತಿಲ್ಲ. ಎರಡು ದಿನಗಳಿಂದ ಒಂದು ಸಾಲು ಕೋಡ್ ಬರೆಯದೆ ಇದೇ ಚರ್ಚೆಯಲ್ಲಿ ಕಳೆದಿದ್ದೇವೆ. ತೀವ್ರತೆಯನ್ನೂ ಆದ್ಯತೆಯನ್ನೂ ತಾವು ಹೇಗೆ ನಿರ್ಧರಿಸುತ್ತೀರಿ?

ಹಳೇಬೇರು:
ತಂತ್ರಾಂಶ ಮುಚ್ಚಿಹೋಗುವುದಕ್ಕಿಂತ ತೀವ್ರವಾದ ದೋಷ ಇರಲು ಸಾಧ್ಯವಿಲ್ಲ. ಕೌಂಟರಿನ ಮುಂದೆ ಜನ ನಿಂತಿರುವಾಗ ಪರದೆ ಮಾಯವಾದರೆ ಅಂಗಡಿಯವರು ನಾಳೆಯೇ ಬೇರೆ ತಂತ್ರಾಂಶ ಹುಡುಕುತ್ತಾರೆ. ಕ್ರ್ಯಾಶ್ ಮೊದಲು, ಉಳಿದವು ಆಮೇಲೆ. ನಾನು ಹದಿನೈದು ವರ್ಷಗಳಿಂದ ಇದೇ ಕ್ರಮ ಪಾಲಿಸುತ್ತಿದ್ದೇನೆ.

ದಶಮಾಂಶ:
ಪೈಸೆಯ ವ್ಯತ್ಯಾಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಣವನ್ನು ಫ್ಲೋಟ್ ಆಗಿ ಇಟ್ಟಿದ್ದೀರಿ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಎಲ್ಲ ಮೊತ್ತಗಳನ್ನೂ ಪೈಸೆಯ ಪೂರ್ಣಾಂಕಗಳಾಗಿ ಬದಲಿಸದ ಹೊರತು ಉಳಿದ ಲೆಕ್ಕವನ್ನೂ ನಂಬುವಂತಿಲ್ಲ. ತೆರಿಗೆ ತಪ್ಪಾಗಿ ಬಿದ್ದಿರುವುದಕ್ಕೂ ಇದೇ ಮೂಲವಿರಬಹುದು.

ಸೂಕ್ಷ್ಮದರ್ಶಿ:
ದಶಮಾಂಶ ಅವರೇ, ಯಾವ ತೆರಿಗೆ ಬೀಳಬೇಕು ಎಂಬುದು ರಾಜ್ಯವನ್ನು ನೋಡಿ ಆಗುವ ತೀರ್ಮಾನ, ಅದರಲ್ಲಿ ದಶಮಾಂಶಕ್ಕೆ ಕೆಲಸವಿಲ್ಲ.

ಬಿಲ್ಲುಗಾರರೇ, ತಾವು ನಾಲ್ಕು ವಿಷಯಗಳನ್ನು ಹೇಳಿಲ್ಲ. ಒಂದೇ ಸಂಖ್ಯೆ ಬಂದ ಅಂಗಡಿಯಲ್ಲಿ ಎಷ್ಟು ಕೌಂಟರುಗಳಿವೆ? ಆ ಬಿಲ್ಲುಗಳು ಗ್ರಾಹಕರ ಕೈ ಸೇರಿವೆಯೇ? ಆ ತಿಂಗಳ ಜಿಎಸ್‌ಟಿಆರ್-1 ಸಲ್ಲಿಕೆಯಾಗಿದೆಯೇ? ಪ್ರಿಂಟ್ ಒತ್ತಿ ತಂತ್ರಾಂಶ ಮುಚ್ಚಿದ ಮೇಲೆ ಆ ಬಿಲ್ಲು ಡೇಟಾಬೇಸಿನಲ್ಲಿ ಉಳಿದಿರುತ್ತದೆಯೇ?

ನಾನು ತೀವ್ರತೆಯನ್ನು ಅಳೆಯುವಾಗ ಮೊದಲು ನೋಡುವುದು, ತಪ್ಪು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆಯೋ ಅಥವಾ ಸದ್ದಿಲ್ಲದೆ ದಾಖಲೆಯೊಳಗೆ ಸೇರಿಬಿಡುತ್ತದೆಯೋ ಎಂಬುದನ್ನು. ಮುಚ್ಚಿಹೋದ ತಂತ್ರಾಂಶವನ್ನು ಎಲ್ಲರೂ ಆ ಕ್ಷಣವೇ ಕಾಣುತ್ತಾರೆ. ತಪ್ಪು ತೆರಿಗೆಯ ಬಿಲ್ಲು ಮಾತ್ರ ಅಚ್ಚುಕಟ್ಟಾಗಿ ಮುದ್ರಣಗೊಂಡು, ಗ್ರಾಹಕರ ಕಡತ ಸೇರಿ, ಅವರ ತೆರಿಗೆ ಜಮೆಯ ಲೆಕ್ಕದಲ್ಲೂ ಕುಳಿತುಬಿಡುತ್ತದೆ. ಆದ್ಯತೆ ಬೇರೆಯೇ ಮಾತು. ದೋಷ ಎಷ್ಟು ಕಡೆ ಹರಡಿದೆ, ತಾತ್ಕಾಲಿಕ ದಾರಿ ಇದೆಯೇ, ಯಾವ ತಾರೀಕಿನೊಳಗೆ ಸರಿಯಾಗದಿದ್ದರೆ ಖರ್ಚು ಹೆಚ್ಚುತ್ತದೆ ಎಂಬುದರ ಮೇಲೆ ಅದನ್ನು ನಿರ್ಧರಿಸಬೇಕು.

ಬಿಲ್ಲುಗಾರ_ದಾವಣಗೆರೆ:
ಹೇಳುವ ಅಗತ್ಯವಿಲ್ಲ ಎಂದುಕೊಂಡಿದ್ದೆ, ಕ್ಷಮಿಸಿ. ಆ ಅಂಗಡಿಯಲ್ಲಿ ಎರಡು ಕೌಂಟರುಗಳಿವೆ. ನಮ್ಮ ಸುಮಾರು ಅರವತ್ತು ಗ್ರಾಹಕರಲ್ಲಿ ಹದಿನಾಲ್ಕು ಅಂಗಡಿಗಳಲ್ಲಿ ಒಂದಕ್ಕಿಂತ ಹೆಚ್ಚು ಕೌಂಟರುಗಳಿವೆ. ಡೇಟಾಬೇಸ್ ಮೈಎಸ್‌ಕ್ಯೂಎಲ್. ಬಿಲ್ಲುಗಳು ಗ್ರಾಹಕರ ಕೈ ಸೇರಿವೆ. ಕಳೆದ ತಿಂಗಳ ರಿಟರ್ನ್ ಇನ್ನೂ ಸಲ್ಲಿಸಿಲ್ಲ, ಇಂದು 6ನೇ ತಾರೀಕು. ಪ್ರಿಂಟ್ ವೇಳೆ ಮುಚ್ಚಿದರೂ ಬಿಲ್ಲು ಉಳಿದಿರುತ್ತದೆ, ಮತ್ತೆ ತೆರೆದು ಎರಡು ಭಾಗವಾಗಿ ಮುದ್ರಿಸಬಹುದು.

ಕಬ್ಬಿಣದಂಗಡಿ_ಉಡುಪಿ:
ನಾನು ತಂತ್ರಾಂಶ ಬರೆಯುವವನಲ್ಲ, ಬಳಸುವವನು. ತಾವು ಯಾವ ಬಿಲ್ಲಿಂಗ್ ತಂತ್ರಾಂಶ ಒಳ್ಳೆಯದೆಂದು ಚರ್ಚಿಸುತ್ತಿದ್ದೀರಿ ಎಂದುಕೊಂಡು ಓದುತ್ತಾ ಬಂದೆ. ನಮ್ಮಲ್ಲಿ ಮೂರು ಕೌಂಟರುಗಳಿವೆ, ಪ್ರತಿಯೊಂದಕ್ಕೂ ಬೇರೆ ಸರಣಿ. ಮೊದಲನೆಯದರಲ್ಲಿ `A/0001`, ಎರಡನೆಯದರಲ್ಲಿ `B/0001` ಎಂದು ಆರಂಭವಾಗುತ್ತದೆ. ಐದು ವರ್ಷಗಳಿಂದ ಒಂದೇ ಸಂಖ್ಯೆ ಎರಡು ಬಾರಿ ಬಂದದ್ದಿಲ್ಲ. ಹೀಗೆ ಬೇರೆ ಸರಣಿ ಇಡಬಹುದೆಂದು ನಮ್ಮ ಸಿ.ಎ. ಅವರೇ ಹೇಳಿದ್ದರು.

ಸೂಕ್ಷ್ಮದರ್ಶಿ:
ಉಡುಪಿಯವರೇ, ತಮ್ಮ ಅನುಭವ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸಿಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ಲಿನ ಸಂಖ್ಯೆ 16 ಅಕ್ಷರಗಳನ್ನು ಮೀರದೆ, ಆ ಆರ್ಥಿಕ ವರ್ಷದಲ್ಲಿ ಬೇರೊಂದು ಬಿಲ್ಲಿಗೆ ಇರದಂತೆ, ಕ್ರಮವಾಗಿ ಸಾಗಬೇಕು. ಸರಣಿ ಒಂದಕ್ಕಿಂತ ಹೆಚ್ಚಿದ್ದರೂ ನಿಯಮ ಒಪ್ಪುತ್ತದೆ.

ಬಿಲ್ಲುಗಾರರೇ, ತಮ್ಮ ಕೋಡ್ ಕೊನೆಯ ಸಂಖ್ಯೆಯನ್ನು ಓದಿ ಒಂದು ಕೂಡಿಸುತ್ತಿದೆ ಎಂದು ತೋರುತ್ತದೆ. ಎರಡು ಕೌಂಟರಿನವರು ಒಂದೇ ಗಳಿಗೆಯಲ್ಲಿ ಉಳಿಸಿದರೆ ಇಬ್ಬರಿಗೂ ಒಂದೇ ಕೊನೆಯ ಸಂಖ್ಯೆ ಕಾಣುತ್ತದೆ. ಹದಿನಾಲ್ಕೂ ಅಂಗಡಿಗಳಲ್ಲಿ ಇದನ್ನು ಓಡಿಸಿ ನೋಡಿ:

```sql
SELECT fin_year, bill_no, COUNT(*)
FROM bills
GROUP BY fin_year, bill_no
HAVING COUNT(*) > 1;
```

ರಿಟರ್ನ್ ಸಲ್ಲಿಸುವಾಗ ಹೇಗೂ ಸಿಕ್ಕಿಬೀಳುತ್ತದೆ ಎಂದು ಕಾಯಬೇಡಿ. ನೋಂದಾಯಿತ ಗ್ರಾಹಕರ ಬಿಲ್ಲುಗಳು ಒಂದೊಂದಾಗಿ ಹೋಗುವುದರಿಂದ ಅಲ್ಲಿ ತೊಡಕು ಕಾಣಿಸಬಹುದು. ಆದರೆ ಜೋಡಿಯಲ್ಲಿ ಒಂದು ಬಿಲ್ಲು ನೋಂದಣಿ ಇಲ್ಲದ ಸ್ಥಳೀಯ ಗ್ರಾಹಕರದ್ದಾದರೆ ಅದು ಒಟ್ಟು ಮೊತ್ತದೊಳಗೆ ಸೇರಿ ಕಣ್ಮರೆಯಾಗುತ್ತದೆ. ಇಂದೇ ಆ ಅಂಗಡಿಗಳಿಗೆ ಪ್ರತ್ಯೇಕ ಸರಣಿ ಮಾಡಿಕೊಟ್ಟರೆ ಹೊಸ ಜೋಡಿಗಳು ನಿಲ್ಲುತ್ತವೆ. ಆಗ ಕೋಡ್ ತಿದ್ದುವ ಆದ್ಯತೆ ಒಂದು ಮೆಟ್ಟಿಲು ಇಳಿಯಬಹುದು. ತೀವ್ರತೆ ಮಾತ್ರ ಇಳಿಯುವುದಿಲ್ಲ, ಏಕೆಂದರೆ ಯಾರಾದರೂ ಮೂರನೆಯ ಕಂಪ್ಯೂಟರಿನಲ್ಲಿ ಅದೇ ಸರಣಿ ಆರಿಸಿದರೆ ದೋಷ ಮತ್ತೆ ಎದ್ದುಬರುತ್ತದೆ.

ದಶಮಾಂಶ:
ಇಷ್ಟೆಲ್ಲ ಮಾಡುವ ಬದಲು `bill_no` ಮೇಲೆ ಯುನೀಕ್ ಇಂಡೆಕ್ಸ್ ಹಾಕಿದರೆ ಐದು ನಿಮಿಷದಲ್ಲಿ ಮುಗಿಯಿತು. ನಂತರ ಫ್ಲೋಟ್ ಕಡೆಗೆ ಗಮನ ಕೊಡಿ ಎಂದು ಮತ್ತೆ ವಿನಂತಿಸುತ್ತೇನೆ.

ಸೂಕ್ಷ್ಮದರ್ಶಿ:
ಪಟ್ಟಿಯಲ್ಲಿ ಈಗಾಗಲೇ ಜೋಡಿ ಸಂಖ್ಯೆಗಳಿರುವಾಗ ಯುನೀಕ್ ಇಂಡೆಕ್ಸನ್ನು ಡೇಟಾಬೇಸ್ ಸ್ವೀಕರಿಸುವುದಿಲ್ಲ. ಹೊಸ ವರ್ಷದಲ್ಲಿ ಅದೇ ಸಂಖ್ಯೆ ಮತ್ತೆ ಬರುವುದರಿಂದ `fin_year` ಕೂಡ ಇಂಡೆಕ್ಸಿನಲ್ಲಿರಬೇಕು. ಮೊದಲು ಸಂಖ್ಯೆಯನ್ನು ಪ್ರತ್ಯೇಕ ಪಟ್ಟಿಯ ಒಂದು ಸಾಲಿನಲ್ಲಿಟ್ಟು, `SELECT ... FOR UPDATE` ಮೂಲಕ ಆ ಸಾಲನ್ನು ಹಿಡಿದು, ಬಿಲ್ಲು ಉಳಿಸುವ ಅದೇ ಟ್ರಾನ್ಸಾಕ್ಷನ್ನಿನಲ್ಲಿ ಹೆಚ್ಚಿಸಲಿ. ಹಳೆಯ ಜೋಡಿಗಳು ತೀರ್ಮಾನವಾದ ಮೇಲೆ ಇಂಡೆಕ್ಸ್ ಹಾಕಲಿ.

ಇನ್ನು ಪೈಸೆಯ ಮಾತು. ತಲಾ ₹10.05 ಬೆಲೆಯ ಮೂರು ಸಾಲುಗಳಿವೆ, ಸಿಜಿಎಸ್‌ಟಿ 9% ಎಂದಿಟ್ಟುಕೊಳ್ಳಿ. ಪ್ರತಿ ಸಾಲಿಗೆ 0.9045 ಬರುತ್ತದೆ, ಅದನ್ನು 0.90ಕ್ಕೆ ಇಳಿಸಿ ಕೂಡಿದರೆ 2.70. ಮೊದಲು ಬೆಲೆಗಳನ್ನು ಕೂಡಿ 30.15ರ ಮೇಲೆ ಲೆಕ್ಕ ಹಾಕಿದರೆ 2.7135, ಅಂದರೆ 2.71. ಪೂರ್ಣಾಂಕದಲ್ಲಿ ಬರೆದರೂ ಇದೇ ಒಂದು ಪೈಸೆ ಉಳಿಯುತ್ತದೆ. ಸಾಲಿನಲ್ಲಿ ದುಂಡು ಮಾಡುವುದೋ ಮೊತ್ತದಲ್ಲಿ ದುಂಡು ಮಾಡುವುದೋ ಎಂಬ ಕ್ರಮವೇ ಇಲ್ಲಿನ ಕಾರಣವಿರಬೇಕು.

ದಶಮಾಂಶ:
ಈ ಉದಾಹರಣೆಯನ್ನು ಒಪ್ಪುತ್ತೇನೆ. ಆದರೂ ಫ್ಲೋಟ್ ಇಟ್ಟುಕೊಂಡಿರುವುದು ದೋಷವೇ, ಅದನ್ನು ಪ್ರತ್ಯೇಕವಾಗಿ ದಾಖಲಿಸಬೇಕು.

ಹಳೇಬೇರು:
ಎಲ್ಲರೂ ಸಂಖ್ಯೆಯ ಹಿಂದೆ ಬಿದ್ದು ಪ್ರಿಂಟ್ ದೋಷವನ್ನು ಮರೆತಿದ್ದೀರಿ. ಪರದೆ ಮುಚ್ಚಿಹೋದಾಗ ಕೌಂಟರಿನಲ್ಲಿರುವ ಹುಡುಗ ಏನು ಮಾಡುತ್ತಾನೆಂದು ಯಾರಾದರೂ ಕೇಳಿದ್ದೀರಾ? ಬಿಲ್ಲು ಉಳಿದಿದೆ ಎಂದು ತಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನಲವತ್ತು ಸಾಲುಗಳನ್ನು ಮತ್ತೆ ಹೊಡೆಯುತ್ತಾನೆ.

ಬಿಲ್ಲುಗಾರ_ದಾವಣಗೆರೆ:
ಹಳೇಬೇರು ಸರ್ ಹೇಳಿದ್ದು ನಿಜವಾಯಿತು. ಹತ್ತು ನಿಮಿಷದೊಳಗೆ ಒಂದೇ ಗ್ರಾಹಕರ ಹೆಸರಿನಲ್ಲಿ ಒಂದೇ ಮೊತ್ತಕ್ಕೆ ಆದ ಬಿಲ್ಲುಗಳನ್ನು ಹುಡುಕಿದೆವು. ಅಂತಹ ಎರಡು ಪ್ರಸಂಗಗಳು ಸಿಕ್ಕವು. ಒಂದರಲ್ಲಿ ಅಂಗಡಿಯವರೇ ಎರಡನೆಯ ಬಿಲ್ಲನ್ನು ರದ್ದು ಮಾಡಿದ್ದರು. ಇನ್ನೊಂದು ಹಾಗೆಯೇ ಉಳಿದು, ದಾಸ್ತಾನು ಎರಡು ಬಾರಿ ಕಡಿಮೆಯಾಗಿದೆ.

ಹದಿನಾಲ್ಕು ಅಂಗಡಿಗಳಲ್ಲಿ ಎರಡರಲ್ಲಿ ಒಟ್ಟು ಮೂರು ಜೋಡಿ ಸಂಖ್ಯೆಗಳು ಸಿಕ್ಕಿವೆ. ಕೋಡಿನಲ್ಲಿ ತಾವು ಹೇಳಿದಂತೆಯೇ `MAX(bill_no)+1` ಇದೆ. ಸಂಜೆಯೊಳಗೆ ಎಲ್ಲ ಕಡೆ ಬೇರೆ ಸರಣಿ ಮಾಡುತ್ತಿದ್ದೇವೆ.

ಸೂಕ್ಷ್ಮದರ್ಶಿ:
ಹಾಗಾದರೆ ಪ್ರಿಂಟ್ ದೋಷದ ತೀವ್ರತೆಯನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ. ಪರದೆ ಮುಚ್ಚಿಹೋದದ್ದಕ್ಕಿಂತ, ಅದರ ಹಿಂದೆ ಸುಳ್ಳು ಬಿಲ್ಲೊಂದು ಹುಟ್ಟುವುದು ಅದನ್ನು ಮೇಲಕ್ಕೆ ಏರಿಸುತ್ತದೆ. ಸರಿಪಡಿಸುವವರೆಗೆ, ಮತ್ತೆ ತೆರೆದ ಕೂಡಲೇ ‘ಕೊನೆಯ ಬಿಲ್ಲು ಉಳಿದಿದೆ’ ಎಂದು ಸಂಖ್ಯೆಯೊಂದಿಗೆ ತೋರಿಸಿದರೂ ಹೆಚ್ಚಿನ ಹಾನಿ ತಪ್ಪುತ್ತದೆ.

ತೆರಿಗೆಯ ದೋಷಕ್ಕೆ ಗಡುವು ಹತ್ತಿರವಿದೆ. ಪ್ರತಿ ತಿಂಗಳು ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಕೊನೆಯ ದಿನ ಮುಂದಿನ ತಿಂಗಳ 11. ಸಲ್ಲಿಸುವ ಮೊದಲು ಸಿಕ್ಕರೆ ಅಂಗಡಿಯವರ ಸಿ.ಎ. ಬಿಲ್ಲಿನ ಮಟ್ಟದಲ್ಲೇ ಸರಿಪಡಿಸಬಹುದು. ಸಲ್ಲಿಸಿದ ಮೇಲೆ ತಿದ್ದುಪಡಿ ಹಾಕಬೇಕು. ತೆರಿಗೆಯನ್ನೂ ಕಟ್ಟಿದ್ದರೆ ಐಜಿಎಸ್‌ಟಿ ಹೊಸದಾಗಿ ಕಟ್ಟಿ, ತಪ್ಪಾಗಿ ಕಟ್ಟಿದ್ದನ್ನು ಮರುಪಾವತಿಗೆ ಕೇಳಬೇಕು. ಕರ್ನಾಟಕದ ಅಂಗಡಿಗೆ ಈ ಪಟ್ಟಿ ಸಾಕು:

```sql
SELECT bill_no, cust_gstin FROM bills
WHERE cust_gstin <> ''
  AND LEFT(cust_gstin, 2) <> '29'
  AND igst = 0;
```

ಬಿಲ್ಲುಗಾರ_ದಾವಣಗೆರೆ:
ಕಳೆದ ತಿಂಗಳದ್ದೇ 17 ಬಿಲ್ಲುಗಳು ಸಿಕ್ಕಿವೆ. ಹೊಸ ಗ್ರಾಹಕರನ್ನು ಸೇರಿಸುವಾಗ ರಾಜ್ಯದ ಜಾಗದಲ್ಲಿ ಕರ್ನಾಟಕ ತಾನಾಗಿಯೇ ತುಂಬಿರುತ್ತದೆ. ಅವಸರದಲ್ಲಿ ಯಾರೂ ಅದನ್ನು ಬದಲಿಸುವುದಿಲ್ಲ. ತೆರಿಗೆ ಆ ಜಾಗವನ್ನು ನೋಡುತ್ತದೆಯೇ ಹೊರತು ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿಗಳನ್ನಲ್ಲ. ಆದರೆ 17ರಲ್ಲಿ 11 ಬಿಲ್ಲುಗಳ ಗ್ರಾಹಕರು ಅಂಗಡಿಗೇ ಬಂದು ತಮ್ಮ ವಾಹನದಲ್ಲಿ ಸರಕು ಒಯ್ದಿದ್ದಾರೆ. ಅವಕ್ಕೂ ಐಜಿಎಸ್‌ಟಿಯೇ ಬೀಳಬೇಕೇ?

ಸೂಕ್ಷ್ಮದರ್ಶಿ:
ಅದನ್ನು ತಂತ್ರಾಂಶ ಬರೆಯುವವರು ತೀರ್ಮಾನಿಸಬಾರದು. ಸರಕಿನ ಸಾಗಣೆ ಎಲ್ಲಿ ಕೊನೆಗೊಂಡಿತು ಎಂಬುದರ ಮೇಲೆ ತೆರಿಗೆಯ ಸ್ಥಳ ನಿಲ್ಲುತ್ತದೆ, ಕೌಂಟರಿನಲ್ಲೇ ಒಪ್ಪಿಸಿದಾಗ ವಾದಕ್ಕೆ ಎಡೆಯಿದೆ. 17 ಬಿಲ್ಲುಗಳ ಪಟ್ಟಿಯನ್ನೂ ಎರಡು ಗುಂಪು ಮಾಡಿ ಇಂದೇ ಅವರ ಸಿ.ಎ.ಗೆ ಕಳುಹಿಸಿ. ತಂತ್ರಾಂಶದಲ್ಲಿ ರಾಜ್ಯದ ಜಾಗವನ್ನು ಖಾಲಿ ಬಿಡಿ. ಅದು ಜಿಎಸ್‌ಟಿ ಸಂಖ್ಯೆಗೆ ಹೊಂದದಿದ್ದರೆ ಬಿಲ್ಲನ್ನು ತಡೆಯದೆ ಎಚ್ಚರಿಕೆ ಮಾತ್ರ ತೋರಿಸಿ.

ಮೂರು ಜೋಡಿ ಬಿಲ್ಲುಗಳ ಸಂಖ್ಯೆಯನ್ನು ಡೇಟಾಬೇಸಿನಲ್ಲಿ ತಾವೇ ಬದಲಿಸಬೇಡಿ. ಗ್ರಾಹಕರ ಕೈಯಲ್ಲಿ ಹಳೆಯ ಸಂಖ್ಯೆಯ ಕಾಗದವಿದೆ.

ಹಳೇಬೇರು:
ಕೊನೆಗೂ ಆದ್ಯತೆಯನ್ನು ಹೇಳಬೇಕಾದವರು ಮಾಲೀಕರು. ತೀವ್ರತೆಯನ್ನು ತಾವು ಬರೆದುಕೊಡಿ, ಆದ್ಯತೆಯ ಜಾಗಕ್ಕೆ ಕೈ ಹಾಕಬೇಡಿ.

ಸೂಕ್ಷ್ಮದರ್ಶಿ:
ತೀರ್ಮಾನ ಅವರದ್ದೇ ಇರಲಿ, ಆದರೆ 11ನೇ ತಾರೀಕಿನ ಮಾತು ಅವರ ಕಿವಿಗೆ ಬೀಳದೆ ತೀರ್ಮಾನವಾಗಬಾರದು. ಮೂವರ ಸಂಸ್ಥೆಯಲ್ಲಿ ಅದನ್ನು ಹೇಳುವವರು ಬೇರೆ ಯಾರಿದ್ದಾರೆ?

ಬಿಲ್ಲುಗಾರ_ದಾವಣಗೆರೆ:
ಮಾಲೀಕರೊಂದಿಗೆ ಮಾತನಾಡಿದೆ. ಮೂರು ಜೋಡಿಗಳ ಮತ್ತು 17 ಬಿಲ್ಲುಗಳ ಪಟ್ಟಿಯನ್ನು ಮುಂದಿಟ್ಟಾಗ, ರಾಜ್ಯದ ತಿದ್ದುಪಡಿಯನ್ನು ನಾಳೆ ಸಂಜೆಯೊಳಗೆ ಕಳುಹಿಸಲು ಒಪ್ಪಿದರು. ಬಿಲ್ಲಿನ ಸಂಖ್ಯೆಯ ಕೋಡ್ ಅದರ ಬೆನ್ನಿಗೇ ಹೋಗುತ್ತದೆ. ಪ್ರಿಂಟ್ ದೋಷಕ್ಕೆ ಸದ್ಯ ಸಂದೇಶ ತೋರಿಸುವ ವ್ಯವಸ್ಥೆ ಮಾಡುತ್ತಿದ್ದೇವೆ. ಪೈಸೆಯನ್ನು ಕೊನೆಗೆ ಇಡಲು ಮಾತ್ರ ಅವರು ಇನ್ನೂ ಒಪ್ಪಿಲ್ಲ. ದೊಡ್ಡ ಗ್ರಾಹಕರಿಗೆ 2.70 ಮತ್ತು 2.71ರ ಲೆಕ್ಕವನ್ನು ಬರೆದು ಇಂದು ಪತ್ರ ಕಳುಹಿಸಿದ್ದೇನೆ, ಅವರ ಉತ್ತರಕ್ಕಾಗಿ ಕಾಯುತ್ತಿದ್ದೇವೆ. ಕೌಂಟರಿನಿಂದ ಸರಕು ಒಯ್ದ 11 ಬಿಲ್ಲುಗಳ ಬಗ್ಗೆ ಸಿ.ಎ. ಏನು ಹೇಳುತ್ತಾರೆಂಬುದನ್ನು ಇಲ್ಲಿಯೇ ಬರೆಯುತ್ತೇನೆ.